ಬಯೋದಲ್ಲಿ ಭಾಷೆಗಳನ್ನು ಬರೆಯುವುದು ಹೇಗೆ? ಸದಾಶಿವಗಡದ ಒಬ್ಬ ಅನುವಾದಕಿಯ ಉದಾಹರಣೆ

ಕಾರವಾರದ ಕಡೆಯವರ ಬಯೋ ತೆಗೆದು ನೋಡಿ. ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ ಇರುತ್ತದೆ: "ಭಾಷೆಗಳು: ಕನ್ನಡ, ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್." ಇದು ಸುಳ್ಳಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ನೌಕಾನೆಲೆ ಮತ್ತು ಕೈಗಾದ ಕುಟುಂಬಗಳ ಜೊತೆ ಹಿಂದಿ. ಮರಾಠಿ ನೆಂಟರಿಂದಲೋ ಟಿವಿಯಿಂದಲೋ ಬಂದಿರುತ್ತದೆ. ಐದೂ ಭಾಷೆ ನಿಜವಾಗಿಯೂ ಬದುಕಿನಲ್ಲಿವೆ.

ಆದರೆ ಆ ಸಾಲನ್ನು ಓದುವವರ ಜಾಗದಲ್ಲಿ ನಿಂತು ನೋಡಿ. ಪಣಜಿಯ ಒಂದು ಸಂಸ್ಥೆಗೆ ಕೊಂಕಣಿ ಕರಪತ್ರ ಬರೆಸಬೇಕಾಗಿದೆ. ಬೆಂಗಳೂರಿನ ಒಬ್ಬ ಸಂಶೋಧಕರಿಗೆ ಮೀನುಗಾರರ ಜೊತೆ ಮಾತಾಡಲು ದುಭಾಷಿ ಬೇಕು. ಪುಣೆಯ ವಕೀಲರೊಬ್ಬರಿಗೆ ಜಮೀನಿನ ಮರಾಠಿ ಕಾಗದ ಓದಿಸಬೇಕು. ಮೂವರಿಗೂ ಈ ಒಂದೇ ಸಾಲು ಸಿಗುತ್ತದೆ. ಮೂವರೂ ತಮಗೆ ಬೇಕಾದ್ದನ್ನೇ ಅದರಲ್ಲಿ ಓದಿಕೊಳ್ಳುತ್ತಾರೆ. ಬರೆದವರಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ. ಆದರೂ ಇಬ್ಬರಿಗಂತೂ ತಪ್ಪು ಭರವಸೆ ಹೋಯಿತು.

ಈ ಸಾಲನ್ನು ಸರಿಯಾಗಿ ಬರೆಯುವುದು ಹೇಗೆ ಅಂತ ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಸದಾಶಿವಗಡದ ಕಡೆಯ ಒಬ್ಬ ಅನುವಾದಕಿ ನನಗೆ ಪರಿಚಯ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷಿನ ಆರೋಗ್ಯ ಕರಪತ್ರಗಳನ್ನು ಕನ್ನಡಕ್ಕೆ ತರುವುದು ಅವರ ಮುಖ್ಯ ಕೆಲಸ. ಆಗಾಗ ಸಂದರ್ಶನಗಳಿಗೆ ದುಭಾಷಿಯಾಗಿ ಹೋಗುತ್ತಾರೆ. ಅವರ ಬಯೋದಲ್ಲೂ ಮೇಲಿನ ಐದು ಹೆಸರುಗಳೇ ಇದ್ದವು.

ಮೊದಲು ಪ್ರತಿ ಭಾಷೆಯನ್ನು ನಾಲ್ಕಾಗಿ ಒಡೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಭಾಷೆಗಳ ಹೆಸರು, ಮೇಲೆ ನಾಲ್ಕು ಕಾಲಂ: ಕೇಳಿ ಅರ್ಥ ಮಾಡಿಕೊಳ್ಳುವುದು, ಮಾತಾಡುವುದು, ಓದುವುದು, ಬರೆಯುವುದು. ಪ್ರತಿ ಮನೆಯಲ್ಲಿ "ಚೆನ್ನಾಗಿ", "ಸಾಧಾರಣ" ಅಂತ ತುಂಬಬೇಡಿ. ಈಚಿನ ಎರಡು ವರ್ಷಗಳಲ್ಲಿ ಆ ಭಾಷೆಯಲ್ಲಿ ಆ ರೀತಿ ಮಾಡಿದ ನಿಜವಾದ ಕೆಲಸ ಒಂದನ್ನು ಬರೆಯಿರಿ. ಏನೂ ನೆನಪಾಗದಿದ್ದರೆ ಮನೆ ಖಾಲಿ ಇರಲಿ.

ನಮ್ಮ ಅನುವಾದಕಿ ಹೀಗೆ ತುಂಬಿದಾಗ ಕೊಂಕಣಿಯ ಸಾಲೇ ಎಲ್ಲಕ್ಕಿಂತ ವಿಚಿತ್ರವಾಗಿ ಬಂತು. ಕೇಳುವ ಮನೆಯಲ್ಲಿ ಮೀನುಗಾರ ಮಹಿಳೆಯರ ಸಂದರ್ಶನಗಳು. ಮಾತಾಡುವ ಮನೆಯಲ್ಲೂ ಅವೇ. ಓದುವ ಮನೆಯಲ್ಲಿ ಕನ್ನಡ ಲಿಪಿಯ ಒಂದು ಮಾಸಿಕ. ಬರೆಯುವ ಮನೆಯಲ್ಲಿ ಅಕ್ಕನಿಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳು, ಅಷ್ಟೆ. ಮನೆಮಾತಿನಲ್ಲೇ ಬರೆಯುವ ಅಭ್ಯಾಸ ಇಷ್ಟು ಕಡಿಮೆ. ಇಂಗ್ಲಿಷಿನ ಸಾಲು ಇದಕ್ಕೆ ಪೂರ್ತಿ ಉಲ್ಟಾ: ಓದುವ ಮನೆ ತುಂಬಿ ತುಳುಕುತ್ತಿತ್ತು, ಮಾತಾಡುವ ಮನೆಯಲ್ಲಿ ವಾರದ ಒಂದು ಫೋನ್ ಮೀಟಿಂಗ್ ಮಾತ್ರ.

ನಮ್ಮ ಕರಾವಳಿಯಲ್ಲಿ ಇದು ಮಾಮೂಲಿ. ಮನೆಮಾತು ಒಂದು, ಅಕ್ಷರ ಕಲಿತ ಭಾಷೆ ಇನ್ನೊಂದು. ಹಾಗಾಗಿ "ಮಾತೃಭಾಷೆ" ಅಂತ ಬರೆದರೆ ಅದು ಎಲ್ಲಿಂದ ಬಂದಿರಿ ಅನ್ನುವುದನ್ನು ಹೇಳುತ್ತದೆ, ಯಾವ ಕೆಲಸ ಮಾಡಿಕೊಡಬಲ್ಲಿರಿ ಅನ್ನುವುದನ್ನಲ್ಲ. ಎರಡೂ ಬೇಕಾದ ಮಾಹಿತಿ. ಎರಡನ್ನೂ ಬೇರೆ ಬೇರೆ ಬರೆಯಿರಿ.

ಆಮೇಲೆ ಖಾಲಿ ಮನೆಗಳನ್ನು, ಅನುಮಾನದ ಮನೆಗಳನ್ನು ಪರೀಕ್ಷೆ ಮಾಡಿ

ನಮ್ಮ ಅಂದಾಜು ಹೆಚ್ಚಾಗಿ ಒಂದು ಕಡೆ ವಾಲಿರುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ, ಒಂದೊಂದಕ್ಕೆ ಅರ್ಧ ಗಂಟೆ ಸಾಕು.

ಓದುವುದಕ್ಕೆ: ನಿಮ್ಮ ವೃತ್ತಿಗೆ ಸಂಬಂಧಪಟ್ಟ ಒಂದು ಪುಟ ಓದಿ, ಮಡಚಿಟ್ಟು, ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಬರೆಯಿರಿ. ಮತ್ತೆ ತೆಗೆದು ಹೋಲಿಸಿ. ಒಟ್ಟು ವಿಷಯ ಸರಿ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು. ಷರತ್ತುಗಳು, "ಮಾತ್ರ", "ಹೊರತು", "ಮೊದಲು", "ಒಳಗೆ" ಇಂಥವು ಸರಿಯಾಗಿ ದಾಟಿವೆಯಾ ನೋಡಿ. ಮರಾಠಿಯಲ್ಲಿ ನಾವು ಮೋಸ ಹೋಗುವುದು ಇಲ್ಲೇ. ಹಿಂದಿಯ ದೆಸೆಯಿಂದ ದೇವನಾಗರಿ ಗೊತ್ತು, ಅರ್ಧಕ್ಕರ್ಧ ಪದಗಳು ಪರಿಚಿತ, ಗಟ್ಟಿಯಾಗಿ ಓದಿಯೂ ಓದುತ್ತೇವೆ. ಆದರೆ ನೋಟಿಸಿನ ಷರತ್ತು ಕೈತಪ್ಪಿ ಹೋಗಿರುತ್ತದೆ.

ಕೇಳುವುದಕ್ಕೆ: ಅಂಕಿಗಳಿಂದ ಪರೀಕ್ಷೆ ಮಾಡುವುದು ಸುಲಭ. ಮರಾಠಿಯವರು ಫೋನಿನಲ್ಲಿ "ದೀಡಶೇ", "ಅಡೀಚಶೇ" ಅಂದ ಕೂಡಲೇ ನಿಮ್ಮ ಪೆನ್ನು 150, 250 ಅಂತ ಬರೆಯಬೇಕು. "ಪಾವಣೇ ಆಠ" ಅಂದರೆ 7.45. ಮನಸ್ಸಿನಲ್ಲಿ ಒಮ್ಮೆ ಲೆಕ್ಕ ಹಾಕಬೇಕಾದರೆ ಅಷ್ಟರಲ್ಲಿ ಮುಂದಿನ ವಾಕ್ಯ ಹೋಗಿರುತ್ತದೆ. ದುಭಾಷಿ ಕೆಲಸಕ್ಕೆ ಆ ಒಂದು ಕ್ಷಣದ ತಡವೂ ಜಾಸ್ತಿಯೇ.

ಮಾತಾಡುವುದಕ್ಕೆ: ಪೇಟೆಯಲ್ಲಿ ಮಾತಾಡುವುದು ಬೇರೆ, ಒಂದು ವಿಷಯವನ್ನು ಒಬ್ಬರೇ ಬಿಡಿಸಿ ಹೇಳುವುದು ಬೇರೆ. ಯುರೋಪಿನ ಭಾಷಾಮಟ್ಟದ ಚೌಕಟ್ಟು, ಅಂದರೆ A1ರಿಂದ C2ರವರೆಗಿನ ಆರು ಮೆಟ್ಟಿಲುಗಳು, ಮಾತನ್ನು ಹೀಗೇ ಎರಡು ಭಾಗ ಮಾಡುತ್ತದೆ. ಫೋನಿನಲ್ಲಿ ರೆಕಾರ್ಡ್ ಹಾಕಿ, ನಿಮ್ಮ ಕೆಲಸದ ಒಂದು ವಿಷಯವನ್ನು ಐದು ನಿಮಿಷ ವಿವರಿಸಿ. ನಮ್ಮ ಅನುವಾದಕಿ ಆರಿಸಿಕೊಂಡಿದ್ದು "ಬಿಪಿ ಮಾತ್ರೆಯನ್ನು ಸುಮ್ನೆ ಯಾಕೆ ನಿಲ್ಲಿಸಬಾರದು". ಕೊಂಕಣಿಯಲ್ಲಿ ಸಲೀಸಾಗಿ ಬಂತು. ಮಧ್ಯೆ "ಬಿಪಿ", "ಡೋಸ್" ಬಂದವು, ಅದಕ್ಕೇನೂ ತೊಂದರೆ ಇಲ್ಲ, ಜನ ಮಾತಾಡುವುದೇ ಹಾಗೆ. ಮರಾಠಿಯಲ್ಲಿ ಎರಡನೇ ನಿಮಿಷಕ್ಕೇ ಇಡೀ ವಾಕ್ಯಗಳು ಹಿಂದಿಗೆ ಜಾರಿದವು. ಪದ ಬೇರೆ ಭಾಷೆಯದು ಬಂದರೆ ಬಿಡಿ. ವಾಕ್ಯವೇ ಬೇರೆ ಭಾಷೆಗೆ ಹೊರಳಿದರೆ "ಮಾತಾಡುತ್ತೇನೆ" ಅಂತ ಬರೆಯುವ ಮಟ್ಟ ಇನ್ನೂ ಬಂದಿಲ್ಲ.

ಬರೆಯುವುದಕ್ಕೆ: ನಿಘಂಟು, ಫೋನು ಯಾವುದೂ ಇಲ್ಲದೆ ಅರ್ಧ ಪುಟ ಬರೆದು, ದಿನವೂ ಆ ಭಾಷೆಯಲ್ಲಿ ಬರೆಯುವ ಯಾರಿಗಾದರೂ ಕೊಡಿ. ತಿದ್ದುಪಡಿ ಎಷ್ಟು ಬಂತು ಅನ್ನುವುದಕ್ಕಿಂತ ಎಂಥದ್ದು ಬಂತು ನೋಡಿ. ಕಾಗುಣಿತ ಮಾತ್ರ ತಿದ್ದಿದ್ದರೆ ನೀವು ಬರೆಯಬಲ್ಲಿರಿ, ಅಭ್ಯಾಸ ಬೇಕು ಅಷ್ಟೆ. ವಾಕ್ಯಗಳನ್ನೇ ಹೊಡೆದುಹಾಕಿ ಹೊಸದಾಗಿ ಬರೆದಿದ್ದರೆ, ಆ ಭಾಷೆಯ ಬರವಣಿಗೆಯನ್ನು ಸದ್ಯಕ್ಕೆ ಹಣ ಪಡೆದು ಮಾಡುವ ಕೆಲಸಗಳ ಪಟ್ಟಿಗೆ ಸೇರಿಸಬೇಡಿ.

ಲಿಪಿ ಯಾವುದು, ಯಾವ ಊರಿನ ಮಾತು ಅನ್ನುವುದನ್ನೂ ಹೇಳಿ

ಕೊಂಕಣಿಯವರು ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬಾರದು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಆದರೆ ಅದನ್ನು ಬರೆಯುವ ಲಿಪಿ ಒಂದಲ್ಲ. ಗೋವಾದಲ್ಲಿ 1987ರ ರಾಜಭಾಷೆ ಕಾಯ್ದೆಯ ಪ್ರಕಾರ ದೇವನಾಗರಿ ಲಿಪಿಯ ಕೊಂಕಣಿ ಅಧಿಕೃತ ಭಾಷೆ. ಅಲ್ಲೇ ರೋಮನ್ ಲಿಪಿಯಲ್ಲಿ ಓದಿ ಬರೆಯುವವರೂ ಬಹಳ ಜನ ಇದ್ದಾರೆ. ಕರ್ನಾಟಕದಲ್ಲಿ ಕನ್ನಡ ಲಿಪಿ ಬಳಕೆಯಲ್ಲಿದೆ. ಭಟ್ಕಳದ ನವಾಯತರು ತಮ್ಮ ಮಾತನ್ನು ಅರಬಿ-ಪಾರಸಿ ಲಿಪಿಯಲ್ಲಿ ಬರೆಯುತ್ತಾರೆ. ಒಂದೇ ಭಾಷೆಯ ಹೆಸರಿನ ಕೆಳಗೆ ನಾಲ್ಕು ಲಿಪಿಗಳಿವೆ, ಅಲ್ವಾ. ಒಂದರಲ್ಲಿ ಸಲೀಸಾಗಿ ಓದುವವರು ಇನ್ನೊಂದರಲ್ಲಿ ಅಕ್ಷರ ಕೂಡಿಸುತ್ತಾ ಕೂರಬಹುದು.

ನಮ್ಮ ಅನುವಾದಕಿಗೆ ಪಣಜಿಯಿಂದ ಬಂದ ಕರೆಯೂ ಇಂಥದ್ದೇ. "ಕೊಂಕಣಿ" ಅಂತ ಬಯೋದಲ್ಲಿ ನೋಡಿದ್ದರು. ಅವರಿಗೆ ಬೇಕಾಗಿದ್ದು ದೇವನಾಗರಿಯಲ್ಲಿ, ಗೋವಾದ ಬರಹದ ರೂಢಿಗೆ ತಕ್ಕಂತೆ ಬರೆದ ಕರಪತ್ರ. ಕಾರವಾರದ ಮನೆಮಾತನ್ನು ದೇವನಾಗರಿಯಲ್ಲಿ ಬರೆದುಬಿಟ್ಟರೆ ಅದು ಗೋವಾದ ಬರಹ ಆಗುವುದಿಲ್ಲ. ಪದಗಳೂ ಬೇರೆ, ಕ್ರಿಯಾಪದದ ಕೊನೆಗಳೂ ಬೇರೆ.

ಮರಾಠಿಗೂ ಇಂಥದ್ದೇ ಒಂದು ಎಚ್ಚರಿಕೆ. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆ ಕಡೆಯ ಹಳೆ ಮರಾಠಿ ಕಾಗದಗಳನ್ನು ಹಿಡಿದು ಬರುವವರು ಇದ್ದಾರೆ. ಕಾಗದ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿದ್ದರೆ, ಚೆನ್ನಾಗಿ ಮರಾಠಿ ಬರುವವರಿಗೂ ಒಂದು ಅಕ್ಷರ ಓದಲು ಆಗದಿರಬಹುದು. "ಮರಾಠಿ ಓದುತ್ತೇನೆ" ಅನ್ನುವ ಜಾಗದಲ್ಲಿ "ದೇವನಾಗರಿಯಲ್ಲಿ ಅಚ್ಚಾದ ಮರಾಠಿ ಓದುತ್ತೇನೆ" ಅಂತ ಬರೆದರೆ ಎರಡೂ ಕಡೆಯವರಿಗೆ ಒಂದು ದಿನ ಉಳಿಯುತ್ತದೆ.

ಇರುವುದನ್ನು ಮುಚ್ಚಿಡುವುದೂ ತಪ್ಪು ಲೆಕ್ಕವೇ

ಜಾಸ್ತಿ ಹೇಳಿಕೊಳ್ಳುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕಡಿಮೆ ಹೇಳಿಕೊಳ್ಳುವವರೂ ಅಷ್ಟೇ ಸಿಗುತ್ತಾರೆ ಅಂತ ನನ್ನ ಅನಿಸಿಕೆ. ಅಂಕೋಲಾ, ಕುಮಟಾ ಕಡೆ ಬೆಳೆದ ನರ್ಸಮ್ಮನಿಗೆ ಹಾಲಕ್ಕಿ ಒಕ್ಕಲಿಗರ ಕನ್ನಡ ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗುತ್ತದೆ. ಶಿರಸಿಯ ಹುಡುಗನಿಗೆ ಹವ್ಯಕರ ಮಾತು ಮನೆಯದ್ದೇ. ಇಬ್ಬರೂ ಬಯೋದಲ್ಲಿ ಬರೆಯುವುದು "ಕನ್ನಡ" ಅಂತ ಒಂದೇ ಶಬ್ದ. ಅದು ಭಾಷೆಯೇ ಅಲ್ಲ, ಸುಮ್ನೆ ಹಳ್ಳಿ ಮಾತು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ.

ಆದರೆ ಆರೋಗ್ಯ ಸಮೀಕ್ಷೆಗೆ, ಹಿರಿಯರ ಮಾತು ದಾಖಲಿಸುವ ಕೆಲಸಕ್ಕೆ ಜನ ಹುಡುಕುವಾಗ ಬೇಕಾಗುವುದು ಇದೇ. ಧಾರವಾಡದಿಂದಲೋ ಮೈಸೂರಿನಿಂದಲೋ ಬಂದವರಿಗೆ ಅಜ್ಜಿಯ ಮಾತು ಅರ್ಧ ದಾಟಿ ಹೋಗುತ್ತದೆ. ಹಾಗಾಗಿ ಇದಕ್ಕೊಂದು ಸಾಲು ಕೊಡಿ. ಕೇಳಿ ಅರ್ಥವಾಗುವುದು ಮಾತ್ರ ಆದರೆ ಹಾಗೆಯೇ ಹೇಳಿ: "ಹಾಲಕ್ಕಿ ಒಕ್ಕಲಿಗರ ಮಾತು ಕೇಳಿ ಪೂರ್ತಿ ಅರ್ಥವಾಗುತ್ತದೆ, ನಾನು ಉತ್ತರಿಸುವುದು ರೂಢಿಯ ಕನ್ನಡದಲ್ಲಿ." ಒಂದೇ ಕಡೆಗೆ ಹರಿಯುವ ಭಾಷೆ ಅಂತ ಸಂಕೋಚ ಪಡಬೇಕಾಗಿಲ್ಲ. ಅಂತರರಾಷ್ಟ್ರೀಯ ಸಮ್ಮೇಳನಗಳ ದುಭಾಷಿಗಳು ತಮ್ಮ ಭಾಷೆಗಳನ್ನು A, B, C ಅಂತ ವಿಂಗಡಿಸುತ್ತಾರೆ. A ಅಂದರೆ ಮನೆಮಾತಿನಷ್ಟು ಹಿಡಿತ ಇರುವುದು. B ಅಂದರೆ ಮನೆಮಾತಲ್ಲದಿದ್ದರೂ ಅದಕ್ಕೂ ದಾಟಿಸಬಲ್ಲದ್ದು. C ಅಂದರೆ ಪೂರ್ತಿ ಅರ್ಥವಾಗುವ, ಆದರೆ ಅದಕ್ಕೆ ದಾಟಿಸಲು ಹೋಗದ ಭಾಷೆ. C ಭಾಷೆಯೊಂದನ್ನು ಹೆಚ್ಚು ಇಟ್ಟುಕೊಂಡವರಿಗೆ ಆ ವೃತ್ತಿಯಲ್ಲಿ ಬೆಲೆ ಇದೆ.

ಪಟ್ಟಿಯಿಂದ ಆರಿಸಬೇಕಾದಾಗ

ಕೆಲವು ಕಡೆ ನಮ್ಮ ಮಾತಿನಲ್ಲಿ ಬರೆಯಲು ಜಾಗ ಇರುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಐದು ಮಟ್ಟಗಳಿವೆ: Elementary, Limited working, Professional working, Full professional, Native or bilingual. ಈ ಹೆಸರುಗಳು ಅಮೆರಿಕ ಸರ್ಕಾರದ ಇಲಾಖೆಗಳು ಬಳಸುವ 0ಯಿಂದ 5ರ ಅಳತೆಯವು. ಆ ಮೂಲ ಅಳತೆಯಲ್ಲಿ ಮಾತು, ಕೇಳುವಿಕೆ, ಓದು, ಬರಹಕ್ಕೆ ಬೇರೆ ಬೇರೆ ಅಂಕ ಕೊಡುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಇಡೀ ಭಾಷೆಗೆ ಒಂದೇ ಅಂಕ. ಕಷ್ಟ ಶುರುವಾಗುವುದು ಅಲ್ಲಿಂದ.

ನಾನು ಹೇಳುವ ದಾರಿ ಇದು. ನಾಲ್ಕು ಮನೆಯೂ ಸಮವಾಗಿರುವ ಭಾಷೆಗೆ ನೇರವಾಗಿ ಆರಿಸಿ. ಅಸಮವಾಗಿರುವ ಭಾಷೆಗೆ ಮಟ್ಟಕ್ಕಿಂತ ಮೊದಲು ಹೆಸರನ್ನು ತಿದ್ದಿ. ಭಾಷೆಯ ಹೆಸರನ್ನು ಅಲ್ಲಿ ನಾವೇ ಟೈಪ್ ಮಾಡುವುದು ತಾನೇ? `Konkani - spoken` ಅಂತ ಹಾಕಿ, ಆಮೇಲೆ Native or bilingual ಆರಿಸಿ. ಬರೀ `Konkani` ಅಂತ ಹಾಕಿ ಮೇಲಿನ ಮಟ್ಟ ಕೊಟ್ಟರೆ ಬರಹವೂ ಅಷ್ಟೇ ಅಂತ ಓದುಗರು ತಿಳಿಯುತ್ತಾರೆ. ಹೆದರಿ Limited working ಹಾಕಿದರೆ ಹುಟ್ಟಿದಂದಿನಿಂದ ಆಡಿದ ಮಾತೇ ಕಾಣೆಯಾಗುತ್ತದೆ. "ಮಧ್ಯದ್ದು ಹಾಕಿಬಿಡೋಣ" ಅನ್ನುವುದು ಎರಡೂ ಅಲ್ಲದ ಅಂಕ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

A1, B2 ಇಂಥ ಮಟ್ಟಗಳನ್ನು ಪರೀಕ್ಷೆ ಪಾಸಾಗಿದ್ದರೆ ಮಾತ್ರ ಹಾಗೆಯೇ ಬರೆಯಿರಿ, ಜೊತೆಗೆ ಪರೀಕ್ಷೆಯ ಹೆಸರು ಮತ್ತು ವರ್ಷ ಇರಲಿ. ನೀವೇ ಅಂದಾಜು ಮಾಡಿದ್ದರೆ "ಸ್ವಂತ ಅಂದಾಜು" ಅಂತ ಸೇರಿಸಿ. ಪರೀಕ್ಷೆ ಏನನ್ನು ಅಳೆಯುತ್ತದೆ ಅನ್ನುವುದೂ ಮುಖ್ಯ. ಜಪಾನಿ ಭಾಷೆಯ ಜೆಎಲ್‌ಪಿಟಿಯಲ್ಲಿ ಓದು, ಕೇಳುವಿಕೆ, ಪದ ಮತ್ತು ವ್ಯಾಕರಣ ಇವೆ. ಮಾತಿನ ಪರೀಕ್ಷೆಯೂ ಇಲ್ಲ, ಪ್ರಬಂಧವೂ ಇಲ್ಲ. ಅದರ N2 ಮಟ್ಟ ಪಾಸಾದವರು "ಜಪಾನಿ ಮಾತಾಡುತ್ತೇನೆ" ಅನ್ನಲು ಬೇರೆ ಆಧಾರ ಬೇಕು. ಜರ್ಮನಿಗೆ ಹೊರಟ ನರ್ಸ್‌ಗಳು ಬರೆಯುವ ಗೋಥೆ ಸಂಸ್ಥೆಯ B1, B2 ಪರೀಕ್ಷೆಗಳಲ್ಲಿ ನಾಲ್ಕೂ ಭಾಗ ಬೇರೆ ಬೇರೆ ಇರುತ್ತವೆ, ಒಂದೊಂದಕ್ಕೂ 60 ಅಂಕ ಬೇಕು. ಮೂರು ಆಗಿ ಒಂದು ಬಾಕಿ ಇದ್ದರೆ "B2: ಬರಹ ಬಾಕಿ" ಅಂತಲೇ ಬರೆಯಿರಿ.

ಈಗ ಬರೆಯೋಣ

ಹಾಳೆಯ ಕೋಷ್ಟಕವನ್ನೇ ಬಯೋಗೆ ಇಳಿಸಬೇಡಿ, ಯಾರೂ ಓದುವುದಿಲ್ಲ. ಮೊದಲು ದುಡ್ಡು ತರುವ ಕೆಲಸ, ಆಮೇಲೆ ಅದಕ್ಕೆ ಒತ್ತಾಸೆಯಾದದ್ದು, ಕೊನೆಗೆ ಮಾಡದೇ ಇರುವುದು. ಅನುವಾದಕರಾದರೆ ಯಾವ ಭಾಷೆಯಿಂದ ಯಾವ ಭಾಷೆಗೆ ಅನ್ನುವುದನ್ನು ಖಂಡಿತ ಹೇಳಬೇಕು. "ಇಂಗ್ಲಿಷ್-ಕನ್ನಡ ಅನುವಾದ" ಅಂದರೆ ಎರಡೂ ಕಡೆಗೆ ಅಂತಲೇ ಜನ ಓದುತ್ತಾರೆ. ನಮ್ಮ ಅನುವಾದಕಿಯ ಹೊಸ ಬಯೋ ಹೀಗಿದೆ:

"ಇಂಗ್ಲಿಷಿನಿಂದ ಕನ್ನಡಕ್ಕೆ ಆರೋಗ್ಯ ಮತ್ತು ಮೀನುಗಾರಿಕೆಯ ಕರಪತ್ರ, ವರದಿಗಳನ್ನು ಅನುವಾದಿಸುತ್ತೇನೆ. ಕನ್ನಡದಿಂದ ಇಂಗ್ಲಿಷಿಗೆ ಕರಡು ಮಾಡಿಕೊಡುತ್ತೇನೆ; ಅಚ್ಚಿಗೆ ಹೋಗುವ ಮೊದಲು ಇನ್ನೊಬ್ಬರು ತಿದ್ದಬೇಕು. ಮನೆಮಾತು ಕಾರವಾರದ ಕಡೆಯ ಕೊಂಕಣಿ. ಸಂದರ್ಶನಗಳಲ್ಲಿ ಕೊಂಕಣಿ ಮತ್ತು ಕನ್ನಡದ ನಡುವೆ ಎರಡೂ ಕಡೆಗೆ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಕನ್ನಡ ಲಿಪಿಯ ಕೊಂಕಣಿ ಓದುತ್ತೇನೆ. ಯಾವ ಲಿಪಿಯಲ್ಲೂ ಪ್ರಕಟಣೆಗೆ ಬರೆಯುವುದಿಲ್ಲ. ಹಿಂದಿಯಲ್ಲಿ ಮಾತಾಡಿ ಕೆಲಸ ನಡೆಸಬಲ್ಲೆ. ಮರಾಠಿ ಮಾತು ಸುಮಾರಾಗಿ ಅರ್ಥವಾಗುತ್ತದೆ. ಮರಾಠಿಯ ಕೆಲಸ ಒಪ್ಪಿಕೊಳ್ಳುವುದಿಲ್ಲ."

ಮರಾಠಿಯ ಸಾಲು ನೋಡಿ. ಮೊದಲು ಅದು ಉಳಿದ ಭಾಷೆಗಳ ಸಮಕ್ಕೆ ಕೂತಿತ್ತು. "ಹಾಗಾದ್ರೆ ತೆಗೆದೇ ಬಿಡ್ಲಾ?" ಅಂತ ಅವರು ಕೇಳಿದರು. ಬೇಡ ಅಂದೆ. ಕ್ಷೇತ್ರಕಾರ್ಯಕ್ಕೆ ಕರೆಯುವವರಿಗೆ, ಮಧ್ಯದಲ್ಲಿ ಒಬ್ಬರು ಮರಾಠಿಯಲ್ಲಿ ಮಾತಾಡಿದರೆ ಇವರು ಕಂಗಾಲಾಗುವುದಿಲ್ಲ ಅನ್ನುವುದೂ ಬೇಕಾದ ಸಂಗತಿಯೇ.

ಒಂದೇ ಸಾಲಿಗೆ ಜಾಗ ಇದ್ದಾಗ: "ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ, ಕೊಂಕಣಿ-ಕನ್ನಡ ದುಭಾಷಿ, ಮಾತು ಮಾತ್ರ." ಉಳಿದ ಭಾಷೆಗಳು ಬಿಟ್ಟುಹೋದರೆ ಹೋಗಲಿ.

ನಿಮ್ಮ ಬಯೋವನ್ನು ಬೇರೆಯವರು ಬರೆದಾಗ

ಸಭೆ ಸಮಾರಂಭಗಳಲ್ಲಿ ನಮ್ಮವರಿಗೆ ಅತಿಥಿಯನ್ನು ಹೊಗಳದೆ ಸಮಾಧಾನ ಇಲ್ಲ. ನೀವು ಕಳಿಸಿದ ಎಚ್ಚರದ ಸಾಲು ಆಹ್ವಾನ ಪತ್ರಿಕೆಗೆ ಬರುವ ಹೊತ್ತಿಗೆ "ಪಂಚಭಾಷಾ ಪ್ರವೀಣೆ" ಆಗಿರುತ್ತದೆ. ವೇದಿಕೆಯ ಮೇಲೆ ಅದನ್ನು ತಿದ್ದುವುದು ಕಷ್ಟ. ಹಾಗಾಗಿ ಎರಡೇ ವಾಕ್ಯದ ಪರಿಚಯ ನೀವೇ ಬರೆದು ಕಳಿಸಿ, "ಭಾಷೆಗಳ ಸಾಲನ್ನು ಹೀಗೆಯೇ ಇಡಿ" ಅಂತ ಸೇರಿಸಿ, ಅಚ್ಚಿಗೆ ಹೋಗುವ ಮೊದಲು ಒಮ್ಮೆ ತೋರಿಸಲು ಕೇಳಿ. ಅಚ್ಚಾಗಿಬಿಟ್ಟಿದ್ದರೆ ಮಾತಿನ ಮೊದಲಿಗೇ ಒಂದು ವಾಕ್ಯ ಸಾಕು: "ನಾನು ಕೆಲಸ ಮಾಡುವುದು ಮೂರು ಭಾಷೆಗಳಲ್ಲಿ, ಉಳಿದೆರಡು ಅರ್ಥವಾಗುತ್ತವೆ."

ವರ್ಷಕ್ಕೊಮ್ಮೆ ಆ ಹಾಳೆಯನ್ನು ಮತ್ತೆ ತುಂಬಿ. ಬಳಸದ ಭಾಷೆಯಲ್ಲಿ ಮೊದಲು ಕೈಕೊಡುವುದು ಮಾತು ಮತ್ತು ಬರಹ. ಕೇಳುವುದು, ಓದುವುದು ಆಮೇಲೂ ತುಂಬಾ ದಿನ ಉಳಿಯುತ್ತವೆ.

ಇಷ್ಟೆಲ್ಲ ಬರೆದ ಮೇಲೂ ಬಯೋವನ್ನು ಅರ್ಧ ಓದಿ ಫೋನ್ ಮಾಡುವವರು ಇರುತ್ತಾರೆ. ಒಪ್ಪಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಭಾಷೆಯಿಂದ ಯಾವ ಭಾಷೆಗೆ? ಯಾವ ಲಿಪಿ? ಕೊನೆಗೆ ಓದುವವರು ಅಥವಾ ಕೇಳುವವರು ಯಾವ ಊರಿನವರು? ಪಣಜಿಯವರು ಇನ್ನೊಮ್ಮೆ ಕರೆದಾಗ ನಮ್ಮ ಅನುವಾದಕಿ ಈ ಮೂರನ್ನೂ ಕೇಳಿದರು. ಕರಪತ್ರದ ಜೊತೆಗೆ ಮಾಜಾಳಿ, ಕಾರವಾರದ ಕಡೆಯ ಮೀನುಗಾರರಿಗೆ ಕೇಳಿಸಲು ಧ್ವನಿ ಸಂದೇಶವೂ ಬೇಕಿತ್ತು ಅನ್ನುವುದು ಆಗ ಹೊರಬಂತು. ಕರಪತ್ರವನ್ನು ಗೋವಾದಲ್ಲಿ ದೇವನಾಗರಿ ಬರೆಯುವವರೊಬ್ಬರಿಗೆ ಕೊಡಿಸಿ, ಧ್ವನಿ ಸಂದೇಶವನ್ನು ತಮ್ಮ ಕೊಂಕಣಿಯಲ್ಲಿ ತಾವೇ ಮಾಡಿಕೊಟ್ಟರು.